ಬಳ್ಳವನ್ನು ಕಿಲೋಗಿಳಿಸಬೇಕೆ?

ಶರಣ ಬಳ್ಳೇಶ ಮಲ್ಲಯ್ಯನವರ ಚರಿತ್ರೆಯಲ್ಲಿ ಧಾನ್ಯವಳೆಯುವ ಬಳ್ಳವೇ ಲಿಂಗವಾದ ಪ್ರಸಂಗವಿದೆ. ಇದನ್ನು ಅನ್ಯಭಾಷೆಗೆ ತರುವಾಗ ‘ಬಳ್ಳ’ಕ್ಕೆ ಇಂತಿಷ್ಟು ಕಿಲೋ ಎಂದು ಬರೆಯುವುದನ್ನು ನಾವು ಒಪ್ಪಲಾರೆವು. ಬಳ್ಳ ತೂಕವಲ್ಲ, ಪಾತ್ರೆಯ ಅಳತೆ. ಒಂದೇ ಬಳ್ಳದಲ್ಲಿ ಅಳೆದ ಅಕ್ಕಿಯ ತೂಕ ಬೇರೆ, ಭತ್ತದ ತೂಕ ಬೇರೆ. 4 ಬಳ್ಳಕ್ಕೆ ಒಂದು ಕೊಳಗ, 20 ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ರೂಢಿಯಲ್ಲಿದ್ದರೂ ಪಾತ್ರೆಯ ಗಾತ್ರ ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ನಮ್ಮ ಮೂಡಿಗೆರೆ, ಕಳಸದ ಹಿರಿಯರಿಗಂತೂ ಖಂಡುಗವೆಂದರೆ ಬಿತ್ತನೆಯ ಭತ್ತದಿಂದ ಎಣಿಸಿದ ಗದ್ದೆಯೂ ಹೌದು! ಆದ್ದರಿಂದ ‘ಬಳ್ಳ’ವನ್ನು ಹಾಗೆಯೇ ಉಳಿಸಿ, ‘ಧಾನ್ಯವಳೆಯುವ ಪಾತ್ರೆ, ಕೊಳಗದ ಕಾಲುಭಾಗ’ ಎಂದು ಅಡಿಟಿಪ್ಪಣಿ ಕೊಟ್ಟರೆ ಸಾಕು. 1,96,000 ಜಂಗಮರೆಂಬ ಸಂಖ್ಯೆಯನ್ನೂ ಹಾಗೆಯೇ ಇಡಬೇಕು. ಅದನ್ನು ‘ಸುಮಾರು ಎರಡು ಲಕ್ಷ’ವೆಂದು ದುಂಡಗೆ ಮಾಡುವುದೂ ಜನಗಣತಿಯ ಅಂಕಿಯೆಂದು ವಿವರಿಸುವುದೂ ಸಲ್ಲದು.