ಉಸಿರಿನ ಎಣಿಕೆಯೂ ಉಳಿಯುವ ಆಕಾರವೂ: ಗೋ ಆಟದ ಸೆಕಿ

ಗೋ ಆಟದಲ್ಲಿ ಎದುರಾಳಿಗಳ ಎರಡು ಗುಂಪುಗಳು ಒಂದನ್ನೊಂದು ಹಿಡಿಯಲಾರದೆ, ಎರಡೂ ಜೀವಂತವಾಗಿ ಉಳಿಯುವ ಸ್ಥಿತಿಗೆ ಸೆಕಿ ಎನ್ನುತ್ತಾರೆ. ಇಬ್ಬರಿಗೂ ಹಂಚಿಕೆಯಾದ ಖಾಲಿ ಬಿಂದುಗಳಲ್ಲಿ ಯಾರು ಮೊದಲು ಕಾಯಿ ಇಟ್ಟರೂ ಅವರ ಗುಂಪೇ ಸಾಯುತ್ತದೆ. ಗುಂಪಿಗೆ ತಾಗಿದ ಖಾಲಿ ಬಿಂದುಗಳನ್ನು, ಅಂದರೆ ಅದರ ಉಸಿರುಗಳನ್ನು, ಎಣಿಸಿದರೆ ಸೆಕಿ ಗೊತ್ತಾಗುತ್ತದೆ ಎಂಬ ನಂಬಿಕೆ ಕಲಿಯುವವರಲ್ಲಿ ಸಾಮಾನ್ಯ. ಈ ಎಣಿಕೆ ಅಗತ್ಯ, ಆದರೆ ಸಾಲದು. ಹಿಡಿದ ಕಾಯಿಗಳನ್ನು ತೆಗೆದ ಮೇಲೆ ಯಾವ ಆಕಾರದ ಜಾಗ ಉಳಿಯುತ್ತದೆ ಎಂಬುದೇ ಸೆಕಿಯನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಒಂದು ನಿದರ್ಶನವನ್ನು ಪೂರ್ತಿಯಾಗಿ ಆಡಿ ನೋಡೋಣ. ಹಲಗೆಯ ಕೆಳ ಅಂಚಿನ ಬಿಂದುಗಳನ್ನು ಎಡ ಮೂಲೆಯಿಂದ 1, 2, 3 ಎಂದು ಕರೆಯೋಣ. ಮೊದಲ ಸಾಲಿನ 4, 5, 6ರಲ್ಲಿ ಕಪ್ಪು ಕಾಯಿಗಳಿವೆ. 3 ಮತ್ತು 7 ಖಾಲಿ. ಮೊದಲ ಸಾಲಿನ 2 ಮತ್ತು 8ರಲ್ಲೂ ಎರಡನೇ ಸಾಲಿನ 2ರಿಂದ 8ರವರೆಗೂ ಬಿಳಿಯ ಒಂಬತ್ತು ಕಾಯಿಗಳು ಒಂದೇ ಸರಪಳಿಯಾಗಿವೆ. ಅದರ ಹೊರಗೆ, ಮೊದಲೆರಡು ಸಾಲುಗಳ 1 ಮತ್ತು 9ರಲ್ಲಿ ಹಾಗೂ ಮೂರನೇ ಸಾಲಿನ 1ರಿಂದ 9ರವರೆಗೆ, ಜೀವಂತ ಕಪ್ಪು ಗುಂಪಿನ ಮುತ್ತಿಗೆಯಿದೆ. ಈಗ 3 ಮತ್ತು 7 ಇಬ್ಬರ ಪಾಲಿಗೂ ಕೊನೆಯ ಎರಡು ಉಸಿರುಗಳು. ಬಿಳಿ 3ರಲ್ಲಿ ಇಟ್ಟರೆ ಅದಕ್ಕೆ 7 ಒಂದೇ ಉಳಿಯುತ್ತದೆ. ಕಪ್ಪು ಅಲ್ಲಿಟ್ಟು ಹತ್ತು ಕಾಯಿಗಳನ್ನು ಎತ್ತುತ್ತದೆ. ಕಪ್ಪು 3ರಲ್ಲಿ ಇಟ್ಟರೆ ಬಿಳಿ 7ರಲ್ಲಿಟ್ಟು ನಾಲ್ಕು ಕಾಯಿಗಳನ್ನು ಎತ್ತುತ್ತದೆ. ಆಗ ತೆರವಾಗುವುದು ಸಾಲಾಗಿರುವ ನಾಲ್ಕು ಬಿಂದು. ಮುಂದಿನ ಸರದಿ ಕಪ್ಪಿನದೇ ಆದರೂ ಅಲ್ಲಿ ಬಿಳಿಗೆ ಎರಡು ಕಣ್ಣು ತಪ್ಪಿಸಲಾಗದು. ಆದ್ದರಿಂದ ಇದು ನಿಜವಾದ ಸೆಕಿ.

ಎಣಿಕೆಯ ಮಿತಿ ಕಾಣಿಸುವುದು ಎಡ ಮೂಲೆಯ 1ನೇ ಬಿಂದುವನ್ನು ಖಾಲಿ ಬಿಟ್ಟಾಗ. ಈಗ ಬಿಳಿಗೆ ಮೂರು ಉಸಿರು, ಒಳಗಿನ ಕಪ್ಪಿಗೆ ಎರಡೇ. ಸರದಿಯೂ ಬಿಳಿಯದಾದರೆ ಲೆಕ್ಕದ ಪ್ರಕಾರ ಗೆಲ್ಲಬೇಕಾದದ್ದು ಬಿಳಿಯೇ. ಬಿಳಿ 3ರಲ್ಲಿ ಇಡುತ್ತದೆ, ಮುಂದೆ 7ರಲ್ಲಿಟ್ಟು ಮೂರು ಕಾಯಿಗಳನ್ನು ಹಿಡಿಯುವುದೂ ನಿಶ್ಚಿತ. ಆದರೆ ತೆರವಾದದ್ದು ಮೂರೇ ಬಿಂದು, ಸರದಿ ಕಪ್ಪಿನದು. ಕಪ್ಪು ನಡುವಿನ 5ರಲ್ಲಿ ಒಂದು ಕಾಯಿ ಇಟ್ಟರೆ ಬಿಳಿಗೆ ಎರಡನೇ ಕಣ್ಣು ಸಿಗುವುದಿಲ್ಲ. ಹಿಡಿದವನೇ ಸತ್ತ! ಬಿಳಿ 3ರಲ್ಲಿಟ್ಟಾಗ ಕಪ್ಪು ಉತ್ತರ ಕೊಡದೆ ಬೇರೆಡೆ ಒಂದು ನಡೆ ಆಡಿ ಬಂದರೂ ಫಲಿತಾಂಶ ಬದಲಾಗುವುದಿಲ್ಲ. ಉಸಿರು ಹೆಚ್ಚಿದ್ದೂ ಬಿಳಿ ಸುಮ್ಮನಿರಬೇಕಾದ ಸ್ಥಾನ ಇದು, ಮತ್ತು ಎಣಿಕೆಯೊಂದನ್ನೇ ನಂಬಿದ ಆಟಗಾರ ಗುಂಪು ಕಳೆದುಕೊಳ್ಳುವುದು ಇಲ್ಲಿಯೇ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಬಿಳಿಯ ಒಳಜಾಗ ಸಾಲಾಗಿರದೆ ನಾಲ್ಕು ಬಿಂದುಗಳ ಚೌಕವಾಗಿದ್ದು, ಪಕ್ಕದಲ್ಲಿ ಇನ್ನೊಂದು ಬಿಂದು ಇದೆಯೆನ್ನಿ. ಕಪ್ಪಿನ ಮೂರು ಕಾಯಿಗಳು ಚೌಕದಲ್ಲಿವೆ. ಪಕ್ಕದ ಆ ಬಿಂದು ಅವುಗಳಲ್ಲೊಂದಕ್ಕೆ ತಾಗಿದೆ. ಇಲ್ಲಿಯೂ ಹಂಚಿಕೆಯ ಉಸಿರು ಎರಡೇ, ಹೊರನೋಟಕ್ಕೆ ಸೆಕಿಯೇ. ಆದರೆ ಕಪ್ಪು ಚೌಕದ ನಾಲ್ಕನೇ ಬಿಂದು ತುಂಬಿ ನಾಲ್ಕೂ ಕಾಯಿಗಳನ್ನು ಒಪ್ಪಿಸಿಬಿಡಬಹುದು. ಉಳಿಯುವ ಚೌಕದಲ್ಲಿ ಬಿಳಿ ತಾನೇ ಮೊದಲು ಆಡಿದರೂ ಎರಡು ಕಣ್ಣಾಗದು. ಇದನ್ನು ಸೆಕಿ ಎಂದು ನಂಬಿ ಬಿಟ್ಟ ಕಪ್ಪು ಆಟಗಾರ ಸತ್ತ ಗುಂಪಿಗೆ ತಾನೇ ಜೀವದಾನ ಮಾಡಿದಂತೆ.

ಎದುರಾಳಿ ಎಡವಬಹುದು, ಒಮ್ಮೆ ಒಳಗೆ ಆಡಿ ನೋಡಿದರೇನು ಎಂಬ ಆಕ್ಷೇಪ ಸಹಜ. ಮೊದಲ ನಿದರ್ಶನದಲ್ಲಿ ಅದರ ಬೆಲೆ ಖಚಿತವಾಗಿ ಹೇಳಬಹುದು. ಜಪಾನಿ ಲೆಕ್ಕದಲ್ಲಿ ಸೆಕಿ ಇದ್ದಂತೆ ಇಬ್ಬರಿಗೂ ಸೊನ್ನೆ. ಕಪ್ಪು ಮುರಿದರೆ ಬಿಳಿಗೆ ನಾಲ್ಕು ಸೆರೆಕಾಯಿ, ನಾಲ್ಕು ಬಿಂದು, ಒಟ್ಟು 8 ಅಂಕ. ಬಿಳಿ ಮುರಿದರೆ ಕಪ್ಪಿಗೆ 20. ಹಲಗೆಯ ಮೇಲಿನ ಕಾಯಿಗಳನ್ನೂ ಎಣಿಸುವ ಚೀನೀ ಪದ್ಧತಿಯಲ್ಲೂ ಅಂತರ ಬದಲಾಗುವುದು ಇಷ್ಟೇ. ಸೆಕಿಯೊಳಗಿನ ಕಣ್ಣುಗಳಿಗೆ ಜಪಾನಿನ 1989ರ ನಿಯಮಾವಳಿ ಅಂಕ ಕೊಡುವುದಿಲ್ಲ, ಚೀನೀ ನಿಯಮ ಕೊಡುತ್ತದೆ. ಇಲ್ಲಿ ಕಣ್ಣುಗಳೇ ಇಲ್ಲದ್ದರಿಂದ ಆ ವ್ಯತ್ಯಾಸ ಹುಟ್ಟುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೋ ಕಾದಾಟದಲ್ಲಿ ಬೆದರಿಕೆಯ ನಡೆ ಬೇಕಾದಾಗ ಸೆಕಿ ಒದಗಿಬರುವುದಿಲ್ಲವೇ? ಒದಗಿಬರುತ್ತದೆ. ಕಪ್ಪು 3ರಲ್ಲಿ ಇಟ್ಟರೆ ಬಿಳಿಯ ಒಂಬತ್ತು ಕಾಯಿಗಳಿಗೆ ಬೆದರಿಕೆ, ಬಿಳಿ ಉತ್ತರಿಸಲೇಬೇಕು. ಆದರೆ ಅದು 8 ಅಂಕ ತೆತ್ತು ಕೊಂಡ ಬೆದರಿಕೆ. ಕೋ ಅದಕ್ಕಿಂತ ಸ್ಪಷ್ಟವಾಗಿ ದೊಡ್ಡದಾಗಿದ್ದು, ನಷ್ಟವಿಲ್ಲದ ಬೆದರಿಕೆಗಳೆಲ್ಲ ಮುಗಿದಿದ್ದರೆ ಮಾತ್ರ ಅದು ಸರಿ. ಬಿಳಿಗಂತೂ ಇದೇ ನಡೆಗೆ 20 ಅಂಕ ಬೇಕು. ಹೀಗಾಗಿ ಮುಟ್ಟಬಾರದೆಂಬ ನಿಯಮ ಇಬ್ಬರಿಗೂ ಒಂದೇ ತೂಕದ್ದಲ್ಲ. ಚಿಕ್ಕ ಗುಂಪಿನವರಿಗೆ ಸೆಕಿ ಅಗ್ಗದಲ್ಲಿ ಮುರಿಯಬಲ್ಲ ಆಸ್ತಿ.

ಇಷ್ಟೆಲ್ಲ ಲೆಕ್ಕವೂ ಹೊರಗಿನ ಕಪ್ಪು ಗುಂಪು ಬದುಕಿದೆ ಎಂಬ ಊಹೆಯ ಮೇಲೆ ನಿಂತಿದೆ. ಆ ಗುಂಪು ಸೆರೆಯಾದರೆ ಬಿಳಿ ಸರಪಳಿ ಹೊರಗಿನ ತನ್ನವರನ್ನು ಕೂಡಿಕೊಳ್ಳುತ್ತದೆ. ಅದಕ್ಕೆ ಒಳಗೆ ಕಣ್ಣು ಬೇಕಾಗುವುದಿಲ್ಲ, ಕಪ್ಪಿನ ಮೂರು ಕಾಯಿಗಳು ಅಲ್ಲೇ ಸಾಯುತ್ತವೆ. ಆದ್ದರಿಂದ ಸೆಕಿಯನ್ನು ಬಿಟ್ಟು ಬೇರೆಡೆ ಆಡುವ ಕಪ್ಪು ಆಟಗಾರ ಕಣ್ಣಿಡಬೇಕಾದದ್ದು 3 ಮತ್ತು 7ರ ಮೇಲಲ್ಲ, ಮೂರನೇ ಸಾಲಿನ ತನ್ನ ಕಾಯಿಗಳ ಕಣ್ಣುಗಳ ಮೇಲೆ.