ಸೌದೆಯಾದ ಮನೆಗಳು: ರಾಯಚೂರಿನ 1520ರ ಗೆಲುವು ಮತ್ತು ರಾಜನೀತಿ ಗ್ರಂಥಗಳು

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಎಡೆದೊರೆ ನಾಡನ್ನು ವಿಜಯನಗರವೂ ಬಹಮನಿಗಳೂ ಅವರ ನಂತರ ಬಿಜಾಪುರದವರೂ ಇನ್ನೂರು ವರ್ಷ ಎಳೆದಾಡಿದರು. ದೇವದುರ್ಗ ಈ ನಾಡಿನ ಕೃಷ್ಣೆಯ ಕಡೆಯಲ್ಲಿದೆ, ಮಾನ್ವಿ ತುಂಗಭದ್ರೆಯ ಕಡೆಯಲ್ಲಿದೆ, ರಾಯಚೂರಿನ ಕೋಟೆ ಎರಡಕ್ಕೂ ಬೀಗದಂತಿದೆ. 1520ರಲ್ಲಿ ಕೃಷ್ಣದೇವರಾಯ ಆ ಬೀಗ ತೆರೆದ. ಭಾರತದ ರಾಜನೀತಿ ಗ್ರಂಥಗಳ ಉಪದೇಶ ನೆಲದ ಮೇಲೆ ಎಷ್ಟು ನಡೆಯಿತು, ಎಲ್ಲಿ ಮುರಿಯಿತು ಎಂದು ತೂಗಿ ನೋಡಲು ಈ ಪ್ರಸಂಗಕ್ಕಿಂತ ಒಳ್ಳೆಯ ಒರೆಗಲ್ಲು ನಮ್ಮ ಸೀಮೆಯಲ್ಲಿಲ್ಲ. ಏಕೆಂದರೆ ಇಲ್ಲಿ ಯುದ್ಧ ಮಾಡಿದವನೇ ರಾಜನೀತಿಯನ್ನೂ ಬರೆದಿದ್ದಾನೆ. ಅವನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದಲ್ಲಿ ಯಾಮುನಾಚಾರ್ಯರು ಮಗನಿಗೆ ರಾಜ್ಯವಾಳುವ ಬಗೆಯನ್ನು ಹೇಳುವ ಒಂದು ಭಾಗವಿದೆ. ಕೌಟಿಲ್ಯನಿಂದ ಕಾಮಂದಕನವರೆಗೆ, ಕಲ್ಯಾಣದ ವಿಜ್ಞಾನೇಶ್ವರನ 'ಮಿತಾಕ್ಷರಾ', ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದವರೆಗೆ ಹರಿದುಬಂದ ವಿಚಾರಗಳು ಅಲ್ಲಿ ಆಳಿದವನ ಅನುಭವದೊಂದಿಗೆ ಬೆರೆತಿವೆ.

ಯುದ್ಧದ ಮುಖ್ಯ ವಿವರ ನಮಗೆ ದೊರೆಯುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್‌ನಿಂದ. ಅವನು ಬರೆದದ್ದು ಯುದ್ಧ ಮುಗಿದು ಸುಮಾರು ಹದಿನೈದು ವರ್ಷಗಳ ಮೇಲೆ. ಕಾಲಾಳುಗಳೇ ಏಳು ಲಕ್ಷ ಎನ್ನುವ ಅವನ ಲೆಕ್ಕವನ್ನು ನಾನು ನಂಬುವುದಿಲ್ಲ. ಯುದ್ಧದ ವರ್ಷವನ್ನೂ ಅವನು 1522 ಎನ್ನುತ್ತಾನೆ; ಅದನ್ನು 1520ರ ಮೇ 19 ಎಂದು ತಿದ್ದಿದವರು ರಾಬರ್ಟ್ ಸ್ಯೂವೆಲ್. ಆದರೆ ಕುದುರೆಯ ವಿಷಯ ಬಂದಾಗ ಅವನ ಮಾತಿಗೆ ಬೆಲೆಯಿದೆ, ಅದು ಅವನ ಕಸುಬು.

ಜಗಳ ಶುರುವಾದದ್ದೂ ಕುದುರೆಯಿಂದಲೇ. ಗೋವೆಯಲ್ಲಿ ಕುದುರೆ ಕೊಳ್ಳಲು ರಾಯ ಸಿದಿ ಮರ್ಕಾರ್ ಎಂಬುವನ ಕೈಗೆ 40,000 ಪರ್ದಾವುಗಳನ್ನು ಕೊಟ್ಟು ಕಳಿಸಿದ. ಅವನು ಹಣದ ಸಮೇತ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಹಾನನ್ನು ಸೇರಿಕೊಂಡ. ಒಪ್ಪಂದದಂತೆ ಅವನನ್ನು ಒಪ್ಪಿಸಬೇಕೆಂದು ಕೇಳಿದರೂ ಶಹಾ ಒಪ್ಪಿಸಲಿಲ್ಲ. ಇದು ಬರೀ ದುಡ್ಡಿನ ಕಳವಾಗಿದ್ದರೆ ದಂಡು ಹೊರಡುತ್ತಿರಲಿಲ್ಲ ಎಂದೇ ನನ್ನ ಊಹೆ. ದೂರದೇಶಗಳಿಂದ ಆನೆ, ಒಳ್ಳೆಯ ಕುದುರೆ ತರುವ ವರ್ತಕರಿಗೆ ಪಟ್ಟಣದಲ್ಲಿ ಮನೆ ಕೊಡಬೇಕು, ದಿನವೂ ಕಂಡು ಮನ್ನಿಸಬೇಕು, ಲಾಭವಾಗುವ ಬೆಲೆ ಕೊಡಬೇಕು, ಇಲ್ಲವಾದರೆ ಆ ಕುದುರೆ ಶತ್ರುವಿನ ಲಾಯ ಸೇರುತ್ತದೆ ಎಂಬುದು 'ಆಮುಕ್ತಮಾಲ್ಯದ'ದ ಉಪದೇಶ. ರಾಯನ ಆ ಭಯ ಸಿದಿ ಮರ್ಕಾರನಲ್ಲಿ ನಿಜವಾಯಿತು.

ದಂಡು ಹೊರಡುವ ಮುನ್ನ ರಾಯ ಮಾಡಿದ ಕೆಲಸದಲ್ಲಿ ಶಾಸ್ತ್ರದ ಕೈ ಸ್ಪಷ್ಟವಾಗಿ ಕಾಣುತ್ತದೆ. ಗಡಿಗೆ ಹತ್ತಿದ ನೆರೆಯವನು ಸಹಜ ಶತ್ರು, ಅವನಾಚೆಯ ನೆರೆಯವನು ಸಹಜ ಮಿತ್ರ ಎಂಬುದು ಕೌಟಿಲ್ಯನ ಮಂಡಲ ಸಿದ್ಧಾಂತ. ಅದರಂತೆ ರಾಯ ಬೀದರಿನ ಬರೀದನೇ ಮೊದಲಾದ ದಖ್ಖಣದ ಒಡೆಯರಿಗೆ ಪತ್ರ ಬರೆದು, ಮಾತು ಮುರಿದವನು ಶಹಾ ಎಂದು ತಿಳಿಸಿದ. ಬಿಜಾಪುರದ ಮೇಲೆ ಹಗೆಯಿದ್ದವರು ಅವನ ಪಕ್ಷವನ್ನು ಒಪ್ಪಿದರು.

ಬಳಿಕ ರಾಯಚೂರಿಗೆ ಹತ್ತಿರದ ಮಲಿಯಾಬಾದಿನಲ್ಲಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಶಹಾ ಕೃಷ್ಣೆಯನ್ನು ದಾಟಿ ಬಂದು ಸೋತ, ಅವನ ಸೇನಾನಿ ಸಲಾಬತ್ ಖಾನ್ ಸೆರೆಸಿಕ್ಕ. ಕ್ರಿಸ್ತೋವಾಂ ದ ಫಿಗೇರೆದು ಎಂಬ ಪೋರ್ಚುಗೀಸನ ಬಂದೂಕಿನವರು ಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದ ಮೇಲೆ ಊರು ಶರಣಾಯಿತು. ಊರಿನ ಜನಕ್ಕೂ ಅವರ ಆಸ್ತಿಗೂ ರಾಯ ಅಭಯ ಕೊಟ್ಟ. ಗೆದ್ದ ನಾಡಿನ ಆಚಾರವನ್ನೂ ವ್ಯವಹಾರವನ್ನೂ ಮೊದಲಿದ್ದಂತೆಯೇ ಕಾಪಾಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಗೆದ್ದವನು ಗೆದ್ದ ಜನರ ವೇಷ, ಭಾಷೆ, ನಡೆಗಳಿಗೆ ಹೊಂದಿಕೊಳ್ಳಬೇಕೆಂದು ಕೌಟಿಲ್ಯ ಇನ್ನೂ ಮುಂದೆ ಹೋಗುತ್ತಾನೆ. ಇಲ್ಲಿಯವರೆಗೆ ರಾಯನ ನಡೆ ಗ್ರಂಥದ ಗೆರೆ ದಾಟಿಲ್ಲ.

ಗೆರೆ ತಪ್ಪಿದ್ದು ಗೆದ್ದ ಮೇಲೆ. ಶಹಾನ ರಾಯಭಾರಿ ಬಂದಾಗ ಅವನನ್ನು ದಿನಗಟ್ಟಲೆ ಕಾಯಿಸಿ, ಕೊನೆಗೆ ರಾಯ ಕೊಟ್ಟ ಉತ್ತರ ಇದು: ಶಹಾ ತಾನೇ ಬಂದು ಕಾಲಿಗೆ ಮುತ್ತಿಟ್ಟರೆ ನಾಡನ್ನು ಹಿಂದಕ್ಕೆ ಕೊಡುತ್ತೇನೆ. ಅದಕ್ಕಾಗಿ ಮುದಗಲ್ಲಿನವರೆಗೆ ಹೋದ. ಶಹಾ ಬರಲಿಲ್ಲ. ಗೆಲುವಿನ ಸುದ್ದಿ ಕೇಳಿ ದಖ್ಖಣದ ಬೇರೆ ಒಡೆಯರು, ಮೊನ್ನೆ ಪಕ್ಷ ಒಪ್ಪಿದವರೂ ಸೇರಿ, ಬಿಜಾಪುರದ ನೆಲ ಬಿಟ್ಟುಕೊಡಬೇಕೆಂದು ರಾಯನಿಗೆ ಹೇಳಿ ಕಳಿಸಿದರು. ಮಂಡಲದ ಲೆಕ್ಕ ಅಲ್ಲಿಗೆ ತಿರುಗಿತು. ಆಚೆಯ ನೆರೆಯವನ ಮೈತ್ರಿ ನಿಲ್ಲುವುದು ನಡುವಿನವನು ಬಲಶಾಲಿಯಾಗಿರುವ ತನಕ. ಅವನು ಕುಸಿದ ದಿನ ಗೆದ್ದವನೇ ಎಲ್ಲರ ನೆರೆಯವನಾಗುತ್ತಾನೆ.

ಈ ಮಾತುಕತೆಗಳ ಕಾಲದಲ್ಲೇ ಬೇಹಿನ ವಿಷಯದಲ್ಲಿ ದೊಡ್ಡ ತಪ್ಪಾಯಿತು. ಬೆಳಗಾವಿಯ ಅಸದ್ ಖಾನ್ ಶಹಾನ ಪರವಾಗಿ ರಾಯನ ಬಳಿಗೆ ಬಂದ. ಶಹಾ ಬರಬೇಕೆಂದೇ ಇದ್ದಾನೆ, ಬರಬೇಡವೆಂದು ನಿಮ್ಮ ಸೆರೆಯಲ್ಲಿರುವ ಸಲಾಬತ್ ಖಾನನೇ ಗುಟ್ಟಾಗಿ ಬರೆದಿದ್ದಾನೆ ಎಂದು ಹೇಳಿದ. ರಾಯ ಸಿಟ್ಟಾಗಿ ಸಲಾಬತ್ ಖಾನನ ತಲೆ ಹೊಡೆಸಿದ. ಆದರೆ ಯುದ್ಧದಲ್ಲಿ ಅಸದ್ ಖಾನ್ ತೋರಿದ ದ್ರೋಹ ಸಲಾಬತ್ ಖಾನನಿಗೆ ಗೊತ್ತಿತ್ತು. ಅವನ ಬಾಯಿ ಮುಚ್ಚಿಸಲು ಹೂಡಿದ ಆಟವಿದು ಎನ್ನುತ್ತಾನೆ ನೂನಿಜ್. ಕೌಟಿಲ್ಯನ ಗೂಢಚಾರರು ಗೃಹಸ್ಥ, ವರ್ತಕ, ತಪಸ್ವಿಗಳ ವೇಷದಲ್ಲಿರುತ್ತಾರೆ, ಒಬ್ಬನ ಗುರುತು ಇನ್ನೊಬ್ಬನಿಗೆ ಇರುವುದಿಲ್ಲ. ಮೂವರ ವರದಿ ಒಂದೇ ಆದಾಗ ಮಾತ್ರ ದೊರೆ ಅದನ್ನು ನಂಬಬೇಕೆಂಬುದು ಅವನ ನಿಯಮ. ಇಲ್ಲಿ ರಾಯ ನಂಬಿದ್ದು ಒಬ್ಬನ ಮಾತನ್ನು, ಅದೂ ಶತ್ರುವಿನ ಕಡೆಯಿಂದ ಬಂದವನ ಮಾತನ್ನು.

ನನ್ನನ್ನು ಹೆಚ್ಚು ಕಾಡುವುದು ಬೇರೆಯದು. ಮುದಗಲ್ಲಿನಿಂದ ರಾಯ ಬಿಜಾಪುರಕ್ಕೇ ದಂಡು ನಡೆಸಿದ. ಆ ನಗರ ಬಹುಪಾಲು ನೆಲಸಮವಾಯಿತು. ಅದು ದೊರೆಯ ಆಜ್ಞೆಯಿಂದಲ್ಲ, ದಂಡಿನವರು ಅಡುಗೆಯ ಬೆಂಕಿಗಾಗಿ ಮನೆಗಳನ್ನು ಕಿತ್ತರು ಎಂದು ನೂನಿಜ್ ಬರೆಯುತ್ತಾನೆ. ಇದನ್ನು ಓದಿದಾಗಲೆಲ್ಲ 'ಆಮುಕ್ತಮಾಲ್ಯದ'ದ ಒಂದು ಪದ್ಯ ನೆನಪಾಗುತ್ತದೆ. ಕಷ್ಟಕ್ಕೆ ಸಿಕ್ಕ ಪ್ರಜೆಗಳು ಊರು ಬಿಟ್ಟು ಹೋದಾಗ ಅವರನ್ನು ಮರಳಿ ಕರೆಯದೆ, ಅವರ ದನವನ್ನೂ ಧಾನ್ಯವನ್ನೂ ಮಾರಿ, ಮನೆಯ ಮರವನ್ನು ಸೌದೆಯಾಗಿ ಕಾಣುವ ಅಧಿಕಾರಿ ರಣರಂಗದ ನರಿಯಂಥವನು, ಅಂಥವನನ್ನು ಇಟ್ಟುಕೊಂಡ ದೊರೆ ಏಳು ದ್ವೀಪಗಳನ್ನು ಗೆದ್ದರೂ ಏಳಿಗೆ ಕಾಣುವುದಿಲ್ಲ ಎಂಬುದು ಅದರ ತಿರುಳು. ಆದಾಯವನ್ನು ನಾಲ್ಕು ಪಾಲು ಮಾಡಿ ಎರಡನ್ನು ಸೈನ್ಯಕ್ಕೆ, ಒಂದನ್ನು ಬೊಕ್ಕಸಕ್ಕೆ, ಒಂದನ್ನು ದಾನಕ್ಕೂ ಭೋಗಕ್ಕೂ ಇಡಬೇಕೆಂದು ಅದೇ ಗ್ರಂಥ ಹೇಳುತ್ತದೆ. ಕೆರೆ ಕಾಲುವೆ ತೋಡಿಸಿ ಬಡ ರೈತನ ತೆರಿಗೆ ಇಳಿಸಬೇಕೆಂದೂ ಹೇಳುತ್ತದೆ. ಹಣ್ಣಾದದ್ದನ್ನು ಮಾತ್ರ ಕೀಳಬೇಕು, ಕಾಯನ್ನಲ್ಲ ಎಂದು ತೆರಿಗೆಯ ಬಗ್ಗೆ ಕೌಟಿಲ್ಯ ಹೇಳಿದ್ದರ ಮುಂದುವರಿಕೆ ಇದು. ಆದರೆ ಆದಾಯದ ಅರ್ಧವನ್ನು ತಿನ್ನುವ ಸೈನ್ಯ ಎಡೆದೊರೆಯಂಥ ಗಡಿಯಲ್ಲಿ ಮತ್ತೆ ಮತ್ತೆ ನಡೆದಾಗ, ತೆರಿಗೆಯ ರಿಯಾಯಿತಿಯಿಂದ ಉಳಿದ ಊರು ಅಡುಗೆಯ ಬೆಂಕಿಗೆ ಹೋಗುತ್ತದೆ. ಅಧಿಕಾರಿಯ ಕೈ ಹಿಡಿಯುವ ಉಪಾಯ ಆ ಪದ್ಯದಲ್ಲಿದೆ, ಗೆದ್ದ ದಂಡಿನ ಕೈ ಹಿಡಿಯುವ ಉಪಾಯವಿಲ್ಲ.

ಪ್ರಜೆ ಊರು ಬಿಡುವುದೇ ಆಡಳಿತ ಕೆಟ್ಟಿದೆಯೆಂಬುದಕ್ಕೆ ಮೊದಲ ಗುರುತು ಎಂದು ಕಂಡ ದೊರೆ ಅವನು. ದೇವದುರ್ಗದ ಕಡೆಯವರು ಇದಕ್ಕೆ 'ಗುಳೆ' ಎನ್ನುತ್ತಾರೆ. ನಾರಾಯಣಪುರದ ಬಲದಂಡೆ ಕಾಲುವೆ ಬಂದ ಮೇಲೂ ಆ ತಾಲ್ಲೂಕಿನಿಂದ ಜನ ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ.