ಅಲ್ಪಾವಧಿ ಸ್ಮೃತಿ ಮತ್ತು ಕಾರ್ಯನಿರತ ಸ್ಮೃತಿ

7, 2, 9, 4 ಎಂದು ಯಾರೋ ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲಿ ಒಪ್ಪಿಸುವುದು ಅಲ್ಪಾವಧಿ ಸ್ಮೃತಿಯ ಕೆಲಸ. ಅವನ್ನೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ತಿರುಗಿಸಿ 4, 9, 2, 7 ಎಂದು ಹೇಳಬೇಕಾದರೆ ಬೇಕಾಗುವುದು ಕಾರ್ಯನಿರತ ಸ್ಮೃತಿ. ಮೊದಲನೆಯದು ಮಾಹಿತಿಯನ್ನು ಕೆಲವು ಸೆಕೆಂಡು ಉಳಿಸಿಕೊಂಡರೆ ಸಾಕು. ಎರಡನೆಯದು ಉಳಿಸಿಕೊಳ್ಳುತ್ತಲೇ ಅದರ ಮೇಲೆ ಕೆಲಸವನ್ನೂ ಮಾಡಬೇಕು. ಇಂದು ಸರಳವಾಗಿ ತೋರುವ ಈ ವ್ಯತ್ಯಾಸ ಮನೋವಿಜ್ಞಾನದಲ್ಲಿ ನೆಲೆಯೂರಿದ್ದು 1970ರ ದಶಕದಲ್ಲಿ.

‘ಕಾರ್ಯನಿರತ ಸ್ಮೃತಿ’ ಎಂಬ ಮಾತು ಅದಕ್ಕೂ ಹಳೆಯದು. ಜಾರ್ಜ್ ಮಿಲ್ಲರ್, ಯೂಜೀನ್ ಗ್ಯಾಲಂಟರ್ ಮತ್ತು ಕಾರ್ಲ್ ಪ್ರಿಬ್ರಾಮ್ 1960ರಲ್ಲೇ ಅದನ್ನು ಬಳಸಿದ್ದರು. 1968ರಲ್ಲಿ ರಿಚರ್ಡ್ ಅಟ್ಕಿನ್ಸನ್ ಮತ್ತು ರಿಚರ್ಡ್ ಶಿಫ್ರಿನ್ ಮಂಡಿಸಿದ ಪ್ರಸಿದ್ಧ ಮಾದರಿಯಲ್ಲಿ ಎರಡಕ್ಕೂ ಒಂದೇ ಜಾಗ. ಇಂದ್ರಿಯಗಳಿಂದ ಬಂದ ಮಾಹಿತಿ ಅಲ್ಪಾವಧಿ ಕೋಶಕ್ಕೆ ಸೇರುತ್ತದೆ, ಅಲ್ಲಿ ಮತ್ತೆ ಮತ್ತೆ ಮನನಗೊಂಡರೆ ದೀರ್ಘಾವಧಿ ಸ್ಮೃತಿಗೆ ದಾಟುತ್ತದೆ. ಲೆಕ್ಕ ಮಾಡುವುದು, ತರ್ಕಿಸುವುದು, ನಿರ್ಧರಿಸುವುದು ಎಲ್ಲ ನಡೆಯುವುದೂ ಅದೇ ಕೋಶದಲ್ಲಿ ಎಂದು ಅವರು ಭಾವಿಸಿದ್ದರು.

ಈ ಮಾದರಿಗೆ ಮೊದಲ ಪೆಟ್ಟು ಕೊಟ್ಟದ್ದು ಲಂಡನ್ನಿನ ಒಬ್ಬ ರೋಗಿ. ವೈದ್ಯಕೀಯ ಬರಹಗಳಲ್ಲಿ ಆತನ ಹೆಸರು ಕೆ.ಎಫ್. ಎಂದಷ್ಟೇ ಇದೆ. ಮೋಟಾರ್‌ಸೈಕಲ್ ಅಪಘಾತದಲ್ಲಿ ಆತನ ಮೆದುಳಿನ ಎಡಭಾಗಕ್ಕೆ ಏಟು ಬಿದ್ದಿತ್ತು. ಕಿವಿಯಿಂದ ಕೇಳಿದ ಅಂಕಿಗಳಲ್ಲಿ ಒಂದೆರಡನ್ನು ಮಾತ್ರ ಆತ ಮರಳಿ ಹೇಳಬಲ್ಲವನಾಗಿದ್ದ. ಅಲ್ಪಾವಧಿ ಕೋಶವೇ ದೀರ್ಘಾವಧಿ ಸ್ಮೃತಿಯ ಬಾಗಿಲಾಗಿದ್ದರೆ ಆತನಿಗೆ ಹೊಸದೇನನ್ನೂ ಕಲಿಯಲು ಆಗಬಾರದಿತ್ತು. ಆದರೆ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ ಪರೀಕ್ಷಿಸಿದಾಗ ಪದಪಟ್ಟಿಗಳನ್ನು ಆತ ಎಲ್ಲರಂತೆಯೇ ಕಲಿತ. ಬಾಗಿಲು ಮುಚ್ಚಿದ್ದರೂ ಸಾಮಾನು ಒಳಗೆ ಹೋಗುತ್ತಿತ್ತು.

ಹಾಗಾದರೆ ಅಂಕಿಗಳನ್ನು ಹಿಡಿದಿಡುವ ಈ ಶಕ್ತಿ ಯೋಚನೆಗೆ ಎಷ್ಟರಮಟ್ಟಿಗೆ ಬೇಕು? ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದನ್ನು ತಿಳಿಯಲು ಹೂಡಿದ ಉಪಾಯ ಚತುರವಾದದ್ದು: ಆರೋಗ್ಯವಂತರ ಅಲ್ಪಾವಧಿ ಸ್ಮೃತಿಯನ್ನು ಅಂಕಿಗಳಿಂದ ತುಂಬಿಸಿ, ಅದೇ ಹೊತ್ತಿನಲ್ಲಿ ತರ್ಕದ ಪ್ರಶ್ನೆ ಕೇಳುವುದು. ಪ್ರಶ್ನೆಯ ಸ್ವರೂಪ ಹೀಗಿರುತ್ತಿತ್ತು: ‘ಎ ಅಕ್ಷರವು ಬಿ ಅಕ್ಷರದ ನಂತರ ಬರುತ್ತದೆ’ ಎಂಬ ವಾಕ್ಯ, ಅದರ ಮುಂದೆ ‘ಬಿ ಎ’ ಎಂಬ ಜೋಡಿ. ವಾಕ್ಯ ಸರಿಯೋ ತಪ್ಪೋ ಹೇಳಬೇಕು. ನಿಷೇಧರೂಪದ ವಾಕ್ಯಗಳು ಬಂದಾಗ ತಲೆ ಇನ್ನಷ್ಟು ಬಿಸಿಯಾಗುತ್ತಿತ್ತು. ಉತ್ತರಿಸುವಾಗಲೇ ಕೊಟ್ಟ ಅಂಕಿಗಳನ್ನು ಬಾಯಲ್ಲಿ ಹೇಳುತ್ತಲೇ ಇರಬೇಕು. ಎರಡೂ ಕೆಲಸಗಳಿಗೆ ಇರುವುದು ಒಂದೇ ಕೋಶವಾಗಿದ್ದರೆ, ಎಂಟು ಅಂಕಿಗಳ ಹೊರೆಯಲ್ಲಿ ತರ್ಕ ಕುಸಿದು ಬೀಳಬೇಕಿತ್ತು. ಹೊರೆ ಹೆಚ್ಚಿದಂತೆ ಉತ್ತರ ನಿಧಾನವಾಯಿತು, ನಿಜ. ಆದರೆ ತಪ್ಪುಗಳ ಪ್ರಮಾಣ ನೂರಕ್ಕೆ ಐದರ ಆಸುಪಾಸಿನಲ್ಲೇ ನಿಂತಿತು.

1974ರಲ್ಲಿ ಪ್ರಕಟವಾದ ಅವರ ಪ್ರಬಂಧ ಈ ಫಲಿತಾಂಶದಿಂದ ಹೊಸ ಚಿತ್ರವೊಂದನ್ನು ಕಟ್ಟಿತು. ಕೇಳಿದ ಮಾತನ್ನು ಒಳಗೊಳಗೇ ಉಚ್ಚರಿಸಿ ಉಳಿಸಿಕೊಳ್ಳುವ ಒಂದು ಅಂಗ, ನೋಟ ಮತ್ತು ಜಾಗಗಳನ್ನು ಹಿಡಿದಿಡುವ ಇನ್ನೊಂದು ಅಂಗ, ಇವೆರಡರ ಮೇಲೆ ಗಮನವನ್ನು ಹಂಚುವ ನಿಯಂತ್ರಕ. ಅಲ್ಪಾವಧಿ ಸ್ಮೃತಿ ಹೀಗೆ ದೊಡ್ಡ ವ್ಯವಸ್ಥೆಯೊಂದರ ಭಾಗವಾಯಿತು. ಕೆ.ಎಫ್.ನ ಒಗಟಿಗೂ ಉತ್ತರ ಸಿಕ್ಕಿತು: ಕೆಟ್ಟಿದ್ದದ್ದು ಮಾತಿನ ಅಂಗವೊಂದೇ. ನಿಯಂತ್ರಕ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಈ ಮಾದರಿ ಬಹುಕಾಲ ಮಬ್ಬಾಗಿಯೇ ಬಿಟ್ಟಿತ್ತು.

ವ್ಯತ್ಯಾಸದ ಪ್ರಯೋಜನ ಅಳತೆಯಲ್ಲಿ ಕಂಡಿತು. 1980ರಲ್ಲಿ ಮೆರೆಡಿತ್ ಡೇನಮನ್ ಮತ್ತು ಪ್ಯಾಟ್ರೀಷಿಯಾ ಕಾರ್ಪೆಂಟರ್ ವಿದ್ಯಾರ್ಥಿಗಳಿಂದ ವಾಕ್ಯಗಳನ್ನು ಗಟ್ಟಿಯಾಗಿ ಓದಿಸಿ, ಕೊನೆಗೆ ಪ್ರತಿ ವಾಕ್ಯದ ಕಡೆಯ ಪದವನ್ನು ನೆನಪಿಸಿಕೊಳ್ಳಲು ಹೇಳಿದರು. ಈ ಪರೀಕ್ಷೆಯ ಅಂಕಗಳು ಓದಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯೊಂದಿಗೆ ಚೆನ್ನಾಗಿ ಹೊಂದಿಕೊಂಡವು. ಬರೀ ಪದಗಳನ್ನು ಒಪ್ಪಿಸುವ ಪರೀಕ್ಷೆ ಅಷ್ಟು ಹೊಂದಲಿಲ್ಲ. (ಕನ್ನಡದಂತೆ ಜಪಾನೀ ವಾಕ್ಯವೂ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ, ಅಲ್ಲಿನ ಸಂಶೋಧಕರು ಕಡೆಯ ಪದದ ಬದಲು ಅಡಿಗೆರೆ ಎಳೆದ ಪದವನ್ನು ಕೇಳಬೇಕಾಯಿತು.)

ಆದರೂ ಗೆರೆ ಎಲ್ಲೆಡೆ ಸ್ಪಷ್ಟವಿಲ್ಲ. ಚಿಕ್ಕ ಮಗುವಿಗೆ ನಾಲ್ಕು ಅಂಕಿಗಳನ್ನು ಅದೇ ಕ್ರಮದಲ್ಲಿ ಹೇಳುವುದಕ್ಕೂ ಪೂರ್ತಿ ಗಮನ ಬೇಕಾಗಬಹುದು. ಹೀಗಾಗಿ ಒಂದೇ ಪರೀಕ್ಷೆ ಬೇರೆ ಬೇರೆ ವಯಸ್ಸಿನಲ್ಲಿ ಬೇರೆಯದನ್ನೇ ಅಳೆಯುವ ಅಪಾಯವಿದೆ. ಅಲ್ಝೈಮರ್ ರೋಗಿಗಳ ವಿಷಯದಲ್ಲಿ ಬ್ಯಾಡ್ಲಿ ಮತ್ತು ಇಟಲಿಯ ಸಹೋದ್ಯೋಗಿಗಳು ಈ ತೊಡಕನ್ನು ಜಾಣತನದಿಂದ ದಾಟಿದರು. ಅಂಕಿಗಳನ್ನು ಒಪ್ಪಿಸುವುದು ಒಂದು ಕೆಲಸ, ಚಲಿಸುವ ಗುರಿಯನ್ನು ಹಿಂಬಾಲಿಸುವುದು ಇನ್ನೊಂದು. ಎರಡರ ಕಷ್ಟವನ್ನೂ ಒಬ್ಬೊಬ್ಬರ ಸಾಮರ್ಥ್ಯಕ್ಕೆ ತಕ್ಕಂತೆ ಮೊದಲೇ ಹೊಂದಿಸಿದ್ದರಿಂದ, ಒಂದೊಂದನ್ನೇ ಮಾಡುವಾಗ ರೋಗಿಗಳೂ ಅದೇ ವಯಸ್ಸಿನ ಆರೋಗ್ಯವಂತರೂ ಸಮನಾಗಿದ್ದರು. ಎರಡನ್ನೂ ಒಟ್ಟಿಗೆ ಮಾಡಲು ಹೇಳಿದಾಗ ರೋಗಿಗಳ ಸಾಧನೆ ತೀವ್ರವಾಗಿ ಕುಸಿಯಿತು, ಆರೋಗ್ಯವಂತ ವೃದ್ಧರದು ಹಾಗೆ ಕುಸಿಯಲಿಲ್ಲ.